ಕಾಫಿಯೇ ಕೊಳೆತು ನಾರುವಾಗ

ಕೋವಿಡ್ ಗುಣವಾಗಿ ಎರಡು ಮೂರು ತಿಂಗಳಾದ ಮೇಲೆ, ಮರಳಿ ಬರುತ್ತಿದ್ದ ಘ್ರಾಣಶಕ್ತಿಯೇ ವಿಕೃತಗೊಂಡು, ಬೆಳಗಿನ ಕಾಫಿಯ ಡಿಕಾಕ್ಷನ್ ಸುಟ್ಟ ರಬ್ಬರಿನಂತೆಯೋ ಕೊಳೆತ ಕಸದಂತೆಯೋ ನಾರತೊಡಗಿದರೆ, ಅದು ಮನಸ್ಸಿನ ಭ್ರಮೆಯಲ್ಲ. ವೈದ್ಯರು ಅದನ್ನು ಪರೋಸ್ಮಿಯಾ ಎನ್ನುವರು. ಮೂಗಿನ ಮೇಲ್ಭಾಗದಲ್ಲಿ ಹೊಸದಾಗಿ ಚಿಗುರುತ್ತಿರುವ ಘ್ರಾಣತಂತುಗಳಲ್ಲಿ ಕೆಲವು ಮಾತ್ರ ಎಚ್ಚತ್ತು, ಕಾಫಿಯ ನೂರಾರು ಪರಿಮಳಾಂಶಗಳ ಪೈಕಿ ಹುರಿದಾಗ ಹುಟ್ಟುವ ಗಂಧಕಯುಕ್ತ ಅಣುಗಳನ್ನಷ್ಟೇ ಮಿದುಳಿಗೆ ಅರುಹುತ್ತವೆಂದು ತೋರುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ, ಹುರಿದ ಮಾಂಸ ಇವೂ ಹಾಗೆಯೇ ಅಸಹ್ಯವಾಗುವುವು. ಇದನ್ನು ನಖರೆಯೆಂದು ಮನೆಯವರು ಗದರುವುದು ಅನ್ಯಾಯ.

ಬಿಸಿ ಆರಿದಷ್ಟೂ ವಾಸನೆ ಏಳುವುದು ಕಡಿಮೆಯಾದುದರಿಂದ, ಒಗ್ಗರಣೆಯ ಹೊಗೆಯಿಂದ ದೂರವಿದ್ದು, ಆರಿದ ಇಡ್ಲಿಯನ್ನೋ ತಣ್ಣನೆಯ ಮೊಸರನ್ನವನ್ನೋ ಉಣ್ಣುವುದು ಲೇಸು. ತೂಕ ಇಳಿಯತೊಡಗಿದರೆ ವೈದ್ಯರನ್ನು ಕಾಣಲೇಬೇಕು. ಘ್ರಾಣಶಕ್ತಿಯನ್ನು ಮರಳಿ ಪಳಗಿಸಲು ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆ ಈ ನಾಲ್ಕನ್ನೂ ದಿನಕ್ಕೆ 2 ಬಾರಿ, ಒಂದೊಂದನ್ನು ಸುಮಾರು 20 ಸೆಕೆಂಡು, ಅದರ ಹಿಂದಿನ ಪರಿಮಳವನ್ನು ಸ್ಮರಿಸುತ್ತ ಮೃದುವಾಗಿ ಮೂಸುವ ಅಭ್ಯಾಸವನ್ನು ಕನಿಷ್ಠ 3 ತಿಂಗಳಾದರೂ ನಡೆಸಬೇಕು. ಫಲ ಎಲ್ಲರಿಗೂ ಸಮನಾಗಿ ದೊರೆಯದು, ಕೆಲವರಿಗೆ ವರ್ಷವೂ ಹಿಡಿಯಬಹುದು.

ಅಲ್ಲಿಯವರೆಗೆ ಅಡುಗೆ ಅನಿಲದ ಸೋರಿಕೆಯನ್ನು ತಿಳಿಯಲು ನಿಮ್ಮ ಮೂಗೊಂದನ್ನೇ ನಂಬಬೇಡಿರಿ. ಮಲಗುವ ಮುನ್ನ ಸಿಲಿಂಡರಿನ ರೆಗ್ಯುಲೇಟರನ್ನು ತಪ್ಪದೆ ಮುಚ್ಚಿರಿ.