ಹನ್ನೊಂದು ಬಾಟಲಿ ನೀರು

ನಮ್ಮ ದೊಡ್ಡಮ್ಮನ ಪುಳಿಯೋಗರೆ ಗೊಜ್ಜಿಗೆ ನೆಂಟರಲ್ಲೆಲ್ಲ ಬೇಡಿಕೆ. ಒಂದು ಸಲಕ್ಕೆ ಕಾಲು ಕಿಲೋ ಹುಣಸೆಹಣ್ಣಿನ ಗೊಜ್ಜು ಮಾಡಿ ಜಾಡಿಗೆ ತುಂಬಿಟ್ಟರೆ ಆರು ತಿಂಗಳು ಕೆಡುತ್ತಿರಲಿಲ್ಲ. ಮಾರೋಣವೆಂದು ಹೊರಟಾಗ ನಾವು ಮಾಡಿದ ಲೆಕ್ಕ ಇಷ್ಟೇ: ಎಲ್ಲವನ್ನೂ ಹತ್ತರಿಂದ ಗುಣಿಸುವುದು. ಎರಡೂವರೆ ಕಿಲೋ ಹುಣಸೆ, ಹತ್ತು ಲೀಟರ್ ನೀರು, 1.2 ಕಿಲೋ ಬೆಲ್ಲ, 900 ಗ್ರಾಂ ಉಪ್ಪು, ಎರಡು ಕಿಲೋ ಎಳ್ಳೆಣ್ಣೆ, 1.35 ಕಿಲೋ ಪುಡಿ. ದೊಡ್ಡ ಪಾತ್ರೆಯಲ್ಲಿ ಒಂದು ಗಂಟೆ ಕುದಿಸಿದ ಮೇಲೆ ಅಂಚಿನಲ್ಲಿ ಎಣ್ಣೆ ಕಾಣಿಸಿಕೊಂಡಿತು. "ಎಣ್ಣೆ ಬಿಡ್ತು ಕಣೋ, ಪುಡಿ ಹಾಕಿ ಇಳಿಸು" ಅಂದರು ದೊಡ್ಡಮ್ಮ. ಇಳಿಸಿದೆವು. 200 ಗ್ರಾಂನ 57 ಬಾಟಲಿ ತುಂಬಿತು.

ಮೂರನೇ ವಾರದಲ್ಲಿ ಕೆಲವು ಬಾಟಲಿಗಳ ಮುಚ್ಚಳದ ಕೆಳಗೆ ಬಿಳಿ ಬೂಷ್ಟು ಕಾಣಿಸಿತು. ಬೂಷ್ಟು ಹಿಡಿಯದ ಬಾಟಲಿಗಳ ಗೊಜ್ಜೂ ಸಪ್ಪೆಯಾಗಿತ್ತು, ಬಣ್ಣ ಮಾತ್ರ ಕಪ್ಪಾಗಿತ್ತು. ರುಚಿ ಕೆಟ್ಟದ್ದು ಒಂದು ಕಾರಣಕ್ಕೆ, ಬೂಷ್ಟು ಬಂದದ್ದು ಇನ್ನೊಂದು ಕಾರಣಕ್ಕೆ ಎಂದು ನಾವು ತಿಳಿದಿದ್ದೆವು. ಎರಡಕ್ಕೂ ಕಾರಣ ಒಂದೇ, ಅದು ಬಾಟಲಿಗಳ ಸಂಖ್ಯೆಯಲ್ಲೇ ಇತ್ತು. ದೊಡ್ಡಮ್ಮ ಮನೆಯ ಮಟ್ಟಕ್ಕೆ ಮಾಡಿದ ಗೊಜ್ಜನ್ನು ಆಮೇಲೆ ತೂಕಕ್ಕೆ ಹಾಕಿದಾಗ 935 ಗ್ರಾಂ ಬಂತು. ಅದರ ಹತ್ತರಷ್ಟು ಎಂದರೆ 9.35 ಕಿಲೋ, ಸುಮಾರು 46 ಬಾಟಲಿ. ಹೆಚ್ಚಿಗೆ ಬಂದವೆಂದು ನಾವು ಸಂತೋಷಪಟ್ಟ 11 ಬಾಟಲಿಗಳಷ್ಟು ಪದಾರ್ಥ ಬರೀ ನೀರು.

ನೀರು ಯಾಕೆ ಉಳಿಯಿತು? ಪಾತ್ರೆ ಅದೇ ಆಕಾರದಲ್ಲಿ ಹತ್ತರಷ್ಟು ದೊಡ್ಡದಾದರೆ ಒಳಗಿನ ಪದಾರ್ಥ ಹತ್ತರಷ್ಟಾಗುತ್ತದೆ. ಆದರೆ ಬೆಂಕಿ ತಾಗುವ ತಳ ಮತ್ತು ಹಬೆ ಹೊರಡುವ ಬಾಯಿ ಸುಮಾರು ನಾಲ್ಕೂಮುಕ್ಕಾಲರಷ್ಟು ಮಾತ್ರ ಹೆಚ್ಚುತ್ತವೆ. ಮನೆಯ ಗೊಜ್ಜು 40 ನಿಮಿಷದಲ್ಲಿ ಆರಿಸುವಷ್ಟು ನೀರನ್ನು ಹತ್ತರಷ್ಟು ಮಟ್ಟದಲ್ಲಿ ಆರಿಸಲು ಒಂದೂವರೆ ಗಂಟೆ ಬೇಕು. ಅಷ್ಟು ಹೊತ್ತು ಕುದಿಸಿದರೆ ಬೆಲ್ಲ ಮತ್ತು ಹುಣಸೆ ಕಪ್ಪಾಗಿ ಕಹಿಯತ್ತ ತಿರುಗುತ್ತವೆ. ಉರಿ ಹೆಚ್ಚಿಸಿದರೆ ತಳ ಹಿಡಿಯುತ್ತದೆ. ಇನ್ನು "ಎಣ್ಣೆ ಬಿಟ್ಟಿತು" ಎಂಬ ಗುರುತು ಸಣ್ಣ ಬಾಣಲೆಗೆ ಸರಿ. ದೊಡ್ಡ ಪಾತ್ರೆಯಲ್ಲಿ ಬಿಸಿ ಹೆಚ್ಚಿರುವ ಅಂಚಿನಲ್ಲಿ ಎಣ್ಣೆ ಮೊದಲೇ ಮೇಲೆ ಬರುತ್ತದೆ, ನಡುವೆ ಗೊಜ್ಜು ಇನ್ನೂ ನೀರಾಗಿಯೇ ಇರುತ್ತದೆ. ಅದರ ಮೇಲೆ ಪುಡಿ ಹಾಕಿದರೆ ಅದು ನೀರು ಹೀರಿ ದಪ್ಪವಾಗುತ್ತದೆ, ಪಾಕ ಬಂತೆಂದು ಕಣ್ಣಿಗೆ ಅನಿಸುತ್ತದೆ.

ಪರಿಹಾರ ಎರಡು ಹೆಜ್ಜೆಯದು. ಮೊದಲನೆಯದು, ಆರಿಸಬೇಕಾದ ನೀರನ್ನೇ ಹಾಕದಿರುವುದು. ಹತ್ತು ಲೀಟರ್ ಬದಲು ಆರು ಲೀಟರ್ ಬಿಸಿನೀರನ್ನು ಎರಡು ಪಾಲು ಮಾಡಿ, ಎರಡು ಸಲ ಹುಣಸೆ ಕಿವುಚಿ ಹಿಂಡಿದೆವು. ಕುದಿಸುವ ಹೊತ್ತು ಮತ್ತೆ 35 ನಿಮಿಷದ ಆಸುಪಾಸಿಗೆ ಬಂತು, ಬಣ್ಣ ಮನೆಯದರಂತೆ ಕೆಂಪುಗಂದಾಗಿ ಉಳಿಯಿತು. ಎರಡನೆಯದು, ಗಡಿಯಾರವನ್ನೂ ಎಣ್ಣೆಯನ್ನೂ ಬಿಟ್ಟು ತಕ್ಕಡಿಯನ್ನು ನಂಬುವುದು. ಖಾಲಿ ಪಾತ್ರೆ 5 ಕಿಲೋ ಇದ್ದರೆ, ಪುಡಿ ಹಾಕುವ ಮುಂಚೆ ಪಾತ್ರೆಸಮೇತ 13 ಕಿಲೋಗೆ ಇಳಿಯಬೇಕು. ಪುಡಿ ಸೇರಿದ ಮೇಲೆ 14.35. ಅದೇ ಪಾಕದ ಗುರುತು.

ಇಷ್ಟಾದರೂ ಮುಂದಿನ ಸಲದ ಗೊಜ್ಜು ಹುಳಿ ಕಡಿಮೆಯಾಯಿತು. ಅಂಗಡಿಯಿಂದ ಬಂದದ್ದು ಹೊಸ ಹುಣಸೆ, ತೇವ ಹೆಚ್ಚು, ನಾರೂ ಹೆಚ್ಚು. ಹಣ್ಣನ್ನು ತೂಗಿದರೆ ಸಾಲದು, ರಸದಲ್ಲಿ ಎಷ್ಟು ಸತ್ವ ಕರಗಿದೆ ಎಂದು ನೋಡಬೇಕು. ಅದಕ್ಕೆ ರಿಫ್ರಾಕ್ಟೋಮೀಟರ್ ಎಂಬ ಕೈಹಿಡಿಯ ಉಪಕರಣ ಸಾಕು. ಗಾಜಿನ ಮೇಲೆ ಒಂದು ಹನಿ ಸೋಸಿದ ರಸ ಬಿಟ್ಟು ಬೆಳಕಿಗೆ ಹಿಡಿದರೆ ಬ್ರಿಕ್ಸ್ ಅಂಕಿ ಕಾಣುತ್ತದೆ. ನೂರು ಗ್ರಾಂ ರಸದಲ್ಲಿ ಸುಮಾರು ಎಷ್ಟು ಗ್ರಾಂ ಕರಗಿದ ವಸ್ತುವಿದೆ ಎಂಬುದೇ ಆ ಅಂಕಿ. ನಮ್ಮ ಒಂದು ಬ್ಯಾಚಿಗೆ ಹುಣಸೆಯ ಸತ್ವ 1.4 ಕಿಲೋ ಬೇಕು. ರಸ 21.5 ತೋರಿಸಿದರೆ ಆರೂವರೆ ಕಿಲೋ ರಸ ಸಾಕು. 18 ತೋರಿಸಿದರೆ 7.8 ಕಿಲೋ ತೆಗೆದುಕೊಳ್ಳಬೇಕು, ಕುದಿಸುವುದನ್ನು ಸ್ವಲ್ಪ ಮುಂದುವರಿಸಬೇಕು. ಕೊನೆಯ ತೂಕ ಮಾತ್ರ ಬದಲಾಗದು.

ಇಲ್ಲಿ ಬಾಳಿಕೆಯ ಮಾತಿಗೆ ಬರೋಣ. ಗೊಜ್ಜಿನಲ್ಲಿ ನೀರು ಎಷ್ಟಿದೆ ಎನ್ನುವುದಕ್ಕಿಂತ, ಉಪ್ಪು ಮತ್ತು ಬೆಲ್ಲ ಹಿಡಿದಿಟ್ಟುಕೊಂಡ ಮೇಲೆ ಸೂಕ್ಷ್ಮಜೀವಿಗಳಿಗೆ ಬಿಡುವಾಗಿ ಸಿಗುವ ನೀರು ಎಷ್ಟು ಎಂಬುದು ಮುಖ್ಯ. ಇದನ್ನು ವಾಟರ್ ಆಕ್ಟಿವಿಟಿ ಎಂದು ಅಳೆಯುತ್ತಾರೆ. ಶುದ್ಧ ನೀರಿಗೆ ಅದು 1. ರೋಗ ತರುವ ಬ್ಯಾಕ್ಟೀರಿಯಾಗಳಿಗೆ 0.85ಕ್ಕಿಂತ ಕೆಳಗೆ ಬೆಳೆಯುವುದು ಕಷ್ಟ, ಹುಣಸೆಯ ಹುಳಿಯೂ ಅವನ್ನು ತಡೆಯುತ್ತದೆ. ಬೂಷ್ಟಿಗೆ ಹುಳಿಯ ಭಯವಿಲ್ಲ, 0.85ಕ್ಕಿಂತ ಕೆಳಗೂ ಅದು ಬೆಳೆಯಬಲ್ಲದು. ಮೊದಲ ಸಲ ನಾವು ಉಪ್ಪು ಅಷ್ಟೇ ಹಾಕಿದ್ದರೂ ನೀರು ಎರಡು ಕಿಲೋ ಹೆಚ್ಚಿದ್ದರಿಂದ ಉಪ್ಪು ತೆಳುವಾಯಿತು. ನಾಲಿಗೆಗೆ ಸಪ್ಪೆ ಎನಿಸಿದ್ದೂ, ಬೂಷ್ಟಿಗೆ ದಾರಿ ಸಿಕ್ಕಿದ್ದೂ ಅದರಿಂದಲೇ. ಹಾಗಾಗಿ ಉಪ್ಪು, ಬೆಲ್ಲ ಕಡಿಮೆ ಮಾಡಿ ಹೊಸ ಗೊಜ್ಜು ಮಾಡುವವರು ಹಳೆಯ ಅವಧಿಯನ್ನೇ ಅದಕ್ಕೂ ಬರೆಯಬಾರದು. ಅದು ಬೇರೆಯೇ ಪದಾರ್ಥ. ಮೈಸೂರಿನ ಸಿಎಫ್‌ಟಿಆರ್‌ಐ ಸೇರಿದಂತೆ ಆಹಾರ ಪ್ರಯೋಗಾಲಯಗಳಲ್ಲಿ ಈ ಪರೀಕ್ಷೆ ಮಾಡಿಸಿಕೊಳ್ಳಬಹುದು.

ಬೂಷ್ಟು ಮುಚ್ಚಳದ ಕೆಳಗೇ ಬಂದದ್ದು ಯಾಕೆಂದರೆ, ಗೊಜ್ಜು ಉಗುರುಬೆಚ್ಚಗಾದ ಮೇಲೆ ತುಂಬಿ ಮುಚ್ಚಿದ್ದೆವು. ಹಬೆ ಮುಚ್ಚಳಕ್ಕೆ ತಾಗಿ ಹನಿಯಾಗಿ ಗೊಜ್ಜಿನ ಮೇಲೆ ಬಿತ್ತು. ಹನಿ ಬಿದ್ದ ಜಾಗ ಉಳಿದೆಲ್ಲಕ್ಕಿಂತ ತೆಳುವಾಯಿತು. ಕೊನೆಗೆ ಹಾಕಿದ ಪುಡಿಯಲ್ಲಿನ ಬೂಷ್ಟಿನ ಬೀಜಾಣುಗಳೂ ಸಾಯಲಿಲ್ಲ. ಈಗ ಪುಡಿ ಹಾಕಿದ ಮೇಲೂ ಐದು ನಿಮಿಷ ಕೆದಕಿ, 85 ಡಿಗ್ರಿಗಿಂತ ಕೆಳಗಿಳಿಯುವ ಮುನ್ನವೇ, ಬೆಚ್ಚಗಿಟ್ಟ ಒಣ ಗಾಜಿನ ಬಾಟಲಿಗೆ ತುಂಬಿ, ಮುಚ್ಚಿ, ಮೂರು ನಿಮಿಷ ತಲೆಕೆಳಗಾಗಿಸಿ ಇಡುತ್ತೇವೆ. ಬಿಸಿ ಗೊಜ್ಜು ತಾಗಿ ಮುಚ್ಚಳವೂ ಶುದ್ಧವಾಗುತ್ತದೆ.

ಬೂಷ್ಟು ಹೋದರೂ ಕಮಟು ವಾಸನೆಯ ಅಪಾಯ ಉಳಿದಿದೆ. ಅದಕ್ಕೆ ಪುಡಿಯಲ್ಲಿನ ಕೊಬ್ಬರಿ ಮತ್ತು ಎಳ್ಳು ಕಾರಣ. ಪುಡಿಯ ಸಾಮಾನನ್ನು ಒಟ್ಟಿಗೆ ಹುರಿದರೆ ತಳದ ಮೆಂತ್ಯ ಕಹಿಯಾಗುತ್ತದೆ, ಮೇಲಿನ ಕೊಬ್ಬರಿ ಹಸಿಯಾಗೇ ಇರುತ್ತದೆ. ಒಂದೊಂದನ್ನೂ 300 ಗ್ರಾಂ ಮೀರದ ಪಾಲುಗಳಲ್ಲಿ ಹುರಿದು, ತಟ್ಟೆಯಲ್ಲಿ ತೆಳ್ಳಗೆ ಹರವಬೇಕು, ಇಲ್ಲವಾದರೆ ತಮ್ಮದೇ ಬಿಸಿಗೆ ಕಾಳುಗಳು ಮತ್ತೂ ಹುರಿಯುತ್ತವೆ. ಕಡಲೆಕಾಯಿ ಬೀಜವನ್ನು ಗೊಜ್ಜಿಗೆ ಹಾಕುವುದನ್ನು ಬಿಟ್ಟೆವು, ಅನ್ನ ಕಲಸುವಾಗ ಒಗ್ಗರಣೆಗೆ ಹಾಕಿಕೊಳ್ಳಲಿ.

ರುಚಿ ಮನೆಯದೇ ಎಂದು ಹೇಳಬೇಕಾದವರು ಮಾಡಿದವರಲ್ಲ. ಮೂರು ಬಟ್ಟಲಲ್ಲಿ ಪುಳಿಯೋಗರೆ ಇಡಿ, ಎರಡು ಮನೆಯ ಗೊಜ್ಜಿನದು, ಒಂದು ಬ್ಯಾಚಿನದು. ಬೇರೆಯದು ಯಾವುದೆಂದು 12 ಜನರನ್ನು ಬೇರೆಬೇರೆಯಾಗಿ ಕೇಳಿ. ಬರೀ ಊಹೆಯಿಂದಲೇ ನಾಲ್ವರು ಸರಿ ಹೇಳಬಹುದು. ಎಂಟು ಅಥವಾ ಹೆಚ್ಚು ಜನ ಹೇಳಿದರೆ ವ್ಯತ್ಯಾಸ ನಿಜವಾಗಿಯೂ ಇದೆ, ಮತ್ತೆ ತೂಕದ ಪುಸ್ತಕ ತೆರೆಯಬೇಕು. ನಮ್ಮ ನಾಲ್ಕನೇ ಬ್ಯಾಚಿನಲ್ಲಿ ಐವರು ಗುರುತಿಸಿದರು. ದೊಡ್ಡಮ್ಮ ಆ ಐವರಲ್ಲಿ ಇರಲಿಲ್ಲ.

ನೀವೂ ಮನೆಯ ತಿನಿಸನ್ನು ಮಾರಲು ಹೊರಟಿದ್ದರೆ, ಪ್ರತಿ ಬ್ಯಾಚಿನಿಂದ ಆರು ಬಾಟಲಿ ಮಾರದೆ ಇಟ್ಟುಕೊಳ್ಳಿ, ತಿಂಗಳಿಗೊಂದು ತೆರೆದು ನೋಡಿ, ಮೂಸಿ, ತಿನ್ನಿ. ಆ ಬಾಟಲಿಗಳು ನಿಂತಷ್ಟು ದಿನಕ್ಕಿಂತ ಕಡಿಮೆ ಅವಧಿಯನ್ನೇ ಚೀಟಿಯ ಮೇಲೆ ಬರೆಯಿರಿ.