ಐಟಿಯವರು ಬಂದಾಗ ಮಾತ್ರ ಸರಿಯಿರುವ ಪ್ರಿಂಟರ್

ಪ್ರಿಂಟರ್ ಪೂರ್ತಿ ಕೆಟ್ಟು ಕೂತರೆ ದೊಡ್ಡ ತಲೆನೋವಿಲ್ಲ. ಐಟಿಯವರು ಬರುತ್ತಾರೆ, ನೋಡುತ್ತಾರೆ, ಬಿಡಿಭಾಗ ಬದಲಿಸುತ್ತಾರೆ. ಕಾಡುವುದು ಆಗಾಗ ಕೈಕೊಡುವ ಪ್ರಿಂಟರ್. ಬೆಳಿಗ್ಗೆ ನಿಂತಿದ್ದು ಮಧ್ಯಾಹ್ನ ತಾನಾಗಿ ಓಡುತ್ತದೆ. ಹೆಲ್ಪ್‌ಡೆಸ್ಕ್‌ನ ಹುಡುಗ ಮೂರು ಗಂಟೆಗೆ ಬಂದು ಟೆಸ್ಟ್ ಪೇಜ್ ತೆಗೆದರೆ ಗರಿಗರಿಯಾಗಿ ಬರುತ್ತದೆ. ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಟಿಕೆಟ್ ಮುಚ್ಚಿ ಹೋಗುತ್ತಾನೆ. ಅವನ ತಪ್ಪೂ ಅಲ್ಲ. ಅವನ ಕೈಗೆ ಸಿಕ್ಕಿದ್ದು ‘ಪ್ರಿಂಟರ್ ಸರಿಯಿಲ್ಲ, ಅರ್ಜೆಂಟ್’ ಎಂಬ ಒಂದು ಸಾಲಿನ ಮೇಲ್ ಅಷ್ಟೇ.

ಇಂಥ ದೋಷ ನಡೆಯುವಾಗ ಹೆಲ್ಪ್‌ಡೆಸ್ಕ್‌ನವರು ಅಲ್ಲಿರುವುದಿಲ್ಲ, ನಾವಿರುತ್ತೇವೆ. ಹಾಗಾಗಿ ಅವರು ಕಾಣಲಾಗದ್ದನ್ನು ಮೇಲ್ ಕಾಣಿಸಬೇಕು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಆರು ಜನರ ಲೆಕ್ಕಪತ್ರ ವಿಭಾಗ, ಎಲ್ಲರಿಗೂ ಸೇರಿ ನೆಟ್‌ವರ್ಕ್ ಕೇಬಲ್‌ನಲ್ಲಿ ಕೂರಿಸಿದ ಒಂದು ಎಚ್‌ಪಿ ಲೇಸರ್‌ಜೆಟ್. ಅಲ್ಲಿಂದ ಶುಕ್ರವಾರ ಬೆಳಿಗ್ಗೆ ಹೀಗೊಂದು ಮೇಲ್ ಹೋಗುತ್ತದೆ:

> ವಿಷಯ: 2ನೇ ಮಹಡಿ ಲೆಕ್ಕಪತ್ರ ವಿಭಾಗದ ಪ್ರಿಂಟರ್ ಆಗಾಗ 49.4C02 ತೋರಿಸಿ ನಿಲ್ಲುತ್ತಿದೆ
>
> ಸರ್, ನಮಸ್ಕಾರ. ಈ ವಾರ ಮೂರು ಸಲ ಪ್ರಿಂಟರ್ ನಿಂತಿದೆ: ಸೋಮವಾರ 10:42, ಬುಧವಾರ 10:55, ಇವತ್ತು 11:05. ಇದು ಕಂಪ್ಯೂಟರ್ ಗಡಿಯಾರದ ಸಮಯ. ಮಂಗಳವಾರ, ಗುರುವಾರ ಇಡೀ ದಿನ ಸರಿಯಿತ್ತು. ಸೋಮವಾರವೂ ಬುಧವಾರವೂ ಮಧ್ಯಾಹ್ನದ ಹೊತ್ತಿಗೆ ತಾನಾಗಿ ಸರಿಹೋಯಿತು.
>
> ಮೂರು ಸಲವೂ ಪರದೆಯಲ್ಲಿ ಬಂದದ್ದು 49.4C02 ERROR, ಕೆಳಗೆ TURN OFF THEN ON. ಫೋಟೊ ಲಗತ್ತಿಸಿದ್ದೇನೆ.
>
> ಇವತ್ತು ಮಾಡಿ ನೋಡಿದ್ದು: 11:08ಕ್ಕೆ ಆಫ್ ಮಾಡಿ ಆನ್ ಮಾಡಿದೆವು. Ready ಬಂತು. ಯಾರೂ ಪ್ರಿಂಟ್ ಕೊಡಲಿಲ್ಲ, ಆದರೂ ಒಂದೆರಡು ನಿಮಿಷದಲ್ಲಿ ಮತ್ತೆ ಅದೇ ಎರರ್. 11:14ಕ್ಕೆ ನೆಟ್‌ವರ್ಕ್ ಕೇಬಲ್ ತೆಗೆದು ಆನ್ ಮಾಡಿದೆವು. ಹತ್ತು ನಿಮಿಷ Readyಯಲ್ಲೇ ಇತ್ತು, ಪ್ರಿಂಟರ್‌ನ ಮೆನುವಿನಿಂದ ಕೊಟ್ಟ ಕಾನ್ಫಿಗರೇಷನ್ ಪೇಜ್ ಚೆನ್ನಾಗಿ ಬಂತು. 11:25ಕ್ಕೆ ಕೇಬಲ್ ಹಾಕಿದ ಕೂಡಲೇ ಮತ್ತೆ ನಿಂತಿತು. ಈಗ ಕೇಬಲ್ ತೆಗೆದೇ ಇಟ್ಟಿದ್ದೇವೆ. ಯಾರ ಸಿಸ್ಟಮ್‌ನಲ್ಲೂ ಬಾಕಿಯಿರುವ ಪ್ರಿಂಟ್ ಅಳಿಸಿಲ್ಲ.

ಮೇಲ್ ಕಳಿಸಿದವರಿಗೆ ಕಾರಣ ಏನೆಂದು ಗೊತ್ತಿಲ್ಲ. ಊಹೆಯನ್ನೂ ಬರೆದಿಲ್ಲ. ಅದು ಒಳ್ಳೆಯದೇ ಆಯಿತು; ‘ಟೋನರ್ ಹೋಗಿರಬೇಕು’ ಎಂದು ಬರೆದಿದ್ದರೆ ಬರುವವರು ಟೋನರ್ ಹಿಡಿದುಕೊಂಡೇ ಬರುತ್ತಿದ್ದರು.

ಇನ್ನು ಇದನ್ನು ಹೆಲ್ಪ್‌ಡೆಸ್ಕ್‌ನವರ ಕಣ್ಣಲ್ಲಿ ಓದೋಣ. ಮೊದಲು ಕಣ್ಣಿಗೆ ಬೀಳುವುದು ಆ ಸಂಖ್ಯೆ. ಈ ಬಗೆಯ ಪ್ರಿಂಟರ್‌ಗಳಲ್ಲಿ 13ರಿಂದ ಶುರುವಾದರೆ ಕಾಗದ ಸಿಕ್ಕಿಕೊಂಡಿದೆ ಎಂದರ್ಥ. 50 ಎಂದರೆ ಕಾಗದಕ್ಕೆ ಶಾಯಿಪುಡಿಯನ್ನು ಬಿಸಿಯಿಂದ ಅಂಟಿಸುವ ಫ್ಯೂಸರ್‌ನ ತೊಂದರೆ. 49 ಎಂದರೆ ರೋಲರು, ಕಾಗದ, ಶಾಯಿ ಯಾವುದೂ ಅಲ್ಲ. ಪ್ರಿಂಟರ್‌ನ ಒಳಗಿನ ತಂತ್ರಾಂಶ, ಅಂದರೆ ಫರ್ಮ್‌ವೇರ್, ತನಗೆ ಅರಗದ ಏನನ್ನೋ ನುಂಗಿ ನಿಂತಿದೆ. ‘ಏನೋ ಎರರ್ ಬರ್ತಿದೆ’ ಎಂದು ಬರೆದಿದ್ದರೆ ಈ ಮೂರರಲ್ಲಿ ಯಾವುದೆಂದು ತಿಳಿಯುವ ದಾರಿಯೇ ಇರುತ್ತಿರಲಿಲ್ಲ. ಪರದೆಯ ಸಂಖ್ಯೆಯನ್ನು ಚುಕ್ಕೆ ಸಮೇತ ಬರೆದುಕೊಳ್ಳಬೇಕು, ಇಲ್ಲವೇ ಫೋಟೊ ತೆಗೆಯಬೇಕು. ಆಫ್ ಮಾಡಿದ ಮೇಲೆ ಅದು ಮಾಯ.

ಎರಡನೆಯದು ಮಾಡಿ ನೋಡಿದ ಕೆಲಸಗಳು. ಬಹುತೇಕರು ಇಲ್ಲಿ ‘ಎಲ್ಲಾ ಟ್ರೈ ಮಾಡಿದ್ವಿ’ ಎಂದು ಬರೆಯುತ್ತಾರೆ. ಅದರಿಂದ ತಿಳಿಯುವುದು ಬರೆದವರಿಗೆ ಸಾಕಾಗಿದೆ ಎಂಬುದಷ್ಟೇ. ಈ ಮೇಲ್‌ನಲ್ಲಿ ಒಂದೊಂದನ್ನೂ ಬೇರೆಬೇರೆಯಾಗಿ ಮಾಡಿ, ಪ್ರತಿಯೊಂದರಿಂದ ಏನಾಯಿತೆಂದು ಹೇಳಿದ್ದಾರೆ. ಕೇಬಲ್ ತೆಗೆದಾಗ ಪ್ರಿಂಟರ್ ಆರಾಮಾಗಿದೆ, ತನ್ನದೇ ಪುಟವನ್ನೂ ಹಾಕುತ್ತಿದೆ ಎಂದರೆ ಯಂತ್ರ ಗಟ್ಟಿಯಾಗಿದೆ. ಹಾಕಿದ ಕೂಡಲೇ ನಿಂತಿತು ಎಂದರೆ ತೊಂದರೆ ಕೇಬಲ್‌ನ ಆಚೆಯಿಂದ ಬರುತ್ತಿದೆ. ಯಾರೂ ಪ್ರಿಂಟ್ ಕೊಡದೆಯೂ ಎರರ್ ಮರಳಿದ್ದು ಇನ್ನೂ ದೊಡ್ಡ ಸುಳಿವು. ಮುಗಿಯದ ಪ್ರಿಂಟನ್ನು ಕಂಪ್ಯೂಟರ್ ತನ್ನ ಕ್ಯೂನಲ್ಲಿ ಇಟ್ಟುಕೊಂಡಿರುತ್ತದೆ. ಪ್ರಿಂಟರ್ ಎದ್ದು Ready ಎಂದ ಕೂಡಲೇ ಅದನ್ನೇ ಮತ್ತೆ ಕಳಿಸುತ್ತದೆ, ಪ್ರಿಂಟರ್ ಮತ್ತೆ ಬೀಳುತ್ತದೆ. ‘ಆಫ್ ಮಾಡಿ ಆನ್ ಮಾಡಿ’ ಎಂದು ಪರದೆಯೇ ಹೇಳಿದರೂ ಅದರಿಂದ ಪ್ರಯೋಜನ ಆಗದಿದ್ದುದು ಇದಕ್ಕೇ.

ಅದೇ ಆತುರದಲ್ಲಿ ಕೇಬಲ್ ತೆಗೆದು, ಕ್ಯೂ ಅಳಿಸಿ, ಟೋನರ್ ಅಲ್ಲಾಡಿಸಿ ಆಮೇಲೆ ಆನ್ ಮಾಡಿದ್ದರೆ? ಪ್ರಿಂಟರ್ ಓಡುತ್ತಿತ್ತು. ಯಾವುದರಿಂದ ಓಡಿತು ಎಂಬುದು ಮಾತ್ರ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಮೇಲ್‌ನ ಕೊನೆಯ ಸಾಲಿಗೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ: ಯಾರೂ ಏನನ್ನೂ ಅಳಿಸಿಲ್ಲ. ಸಾಕ್ಷಿ ಇನ್ನೂ ಕ್ಯೂನಲ್ಲಿ ಕೂತಿದೆ.

ಈಗ ಸಮಯಗಳು. ಹೆಲ್ಪ್‌ಡೆಸ್ಕ್‌ನವರು ಆರೂ ಕಂಪ್ಯೂಟರ್‌ಗಳ ಪ್ರಿಂಟ್ ಕ್ಯೂ ತೆರೆದು ನೋಡುತ್ತಾರೆ. ವಿಂಡೋಸ್‌ನ ಆ ಪಟ್ಟಿಯಲ್ಲಿ ಕಡತದ ಹೆಸರು, ಕಳಿಸಿದವರು, ಪುಟಗಳ ಜೊತೆಗೆ Submitted ಎಂಬ ಅಂಕಣವಿದೆ. ಒಬ್ಬರ ಸಿಸ್ಟಮ್‌ನಲ್ಲಿ ಒಂದು ಪಿಡಿಎಫ್ ಸಿಕ್ಕಿಕೊಂಡಿದೆ, ಸಮಯ 11:03. ಪ್ರಿಂಟರ್ ನಿಂತದ್ದು 11:05. ಅವರನ್ನು ಕೇಳಿದರೆ, ‘ಬ್ಯಾಂಕ್ ಸ್ಟೇಟ್‌ಮೆಂಟ್ ಸರ್, ದಿನ ಬಿಟ್ಟು ದಿನ ಡೌನ್‌ಲೋಡ್ ಮಾಡಿ ಪ್ರಿಂಟ್ ಕೊಡ್ತೀನಿ. ಬರಲಿಲ್ಲ ಅಂದ್ರೆ ಊಟದ ಹೊತ್ತಿಗೆ ಕ್ಯಾನ್ಸಲ್ ಮಾಡಿ ಮೇಲ್ ಕಳಿಸಿಬಿಡ್ತೀನಿ’ ಎನ್ನುತ್ತಾರೆ. ಸೋಮ, ಬುಧ, ಶುಕ್ರ. ಮಂಗಳ, ಗುರು ಏಕೆ ಸರಿಯಿತ್ತು, ಮಧ್ಯಾಹ್ನ ಹೇಗೆ ತಾನಾಗಿ ಸರಿಹೋಗುತ್ತಿತ್ತು ಎರಡಕ್ಕೂ ಉತ್ತರ ಒಟ್ಟಿಗೆ ಸಿಕ್ಕಿತು. ಸರಿಯಿದ್ದ ದಿನಗಳನ್ನೂ ಬರೆದದ್ದು ಇದಕ್ಕಾಗಿಯೇ ಕೆಲಸಕ್ಕೆ ಬಂತು; ಕೆಟ್ಟ ಸಮಯಗಳನ್ನು ಮಾತ್ರ ಕೊಟ್ಟಿದ್ದರೆ ದಿನ ಬಿಟ್ಟು ದಿನದ ಲೆಕ್ಕ ಇಷ್ಟು ಬೇಗ ಕಾಣುತ್ತಿರಲಿಲ್ಲ. ಯಾವ ಗಡಿಯಾರ ಎಂದು ಹೇಳಿದ್ದೂ ಸುಮ್ಮನೆ ಅಲ್ಲ. ಪ್ರಿಂಟರ್‌ನೊಳಗಿನ ಗಡಿಯಾರವನ್ನು ಸಾಮಾನ್ಯವಾಗಿ ಯಾರೂ ಸರಿಪಡಿಸಿರುವುದಿಲ್ಲ, ಅದರ ಸಮಯ ನಂಬಿದರೆ ಈ 11:03 ಯಾವುದಕ್ಕೂ ತಾಳೆಯಾಗುವುದಿಲ್ಲ.

ಇದನ್ನೆಲ್ಲ ಕಂಪ್ಯೂಟರೇ ಬರೆದಿಟ್ಟುಕೊಳ್ಳುವುದಿಲ್ಲವೇ ಎಂದು ಕೇಳಬಹುದು. ವಿಂಡೋಸ್‌ನಲ್ಲಿ ಪ್ರಿಂಟ್‌ಗಳ ವಿವರವಾದ ದಾಖಲೆ ಇದೆ, ಆದರೆ ಅದು ತಾನಾಗಿ ಆನ್ ಇರುವುದಿಲ್ಲ. ಯಾರಾದರೂ ಮೊದಲೇ ಆನ್ ಮಾಡಿಟ್ಟಿರಬೇಕು. ಇಲ್ಲದಿದ್ದರೆ ಸೋಮವಾರ 10:42ಕ್ಕೆ ಉಳಿದ ಗುರುತು ಈ ಮೇಲ್ ಒಂದೇ.

ಪರಿಹಾರ ಚಿಕ್ಕದು. ಆ ಒಂದು ಕಡತವನ್ನು ಕ್ಯೂನಿಂದ ತೆಗೆದು ಕೇಬಲ್ ಹಾಕಿದರೆ ಪ್ರಿಂಟರ್ ನಿಲ್ಲದೆ ಓಡುತ್ತದೆ. ತುರ್ತಿಗೆ, ಅದೇ ಪಿಡಿಎಫ್ ಅನ್ನು ಅಡೋಬಿ ರೀಡರ್‌ನಲ್ಲಿ Print as image ಆರಿಸಿ ಕೊಡಬಹುದು. ಆಗ ಅಕ್ಷರ, ಫಾಂಟ್‌ಗಳ ಲೆಕ್ಕಾಚಾರ ಕಂಪ್ಯೂಟರಿನಲ್ಲೇ ಮುಗಿದು ಪ್ರಿಂಟರ್‌ಗೆ ಬರೀ ಚಿತ್ರ ಹೋಗುತ್ತದೆ. ನಿಧಾನವಾದರೂ ಸಾಮಾನ್ಯವಾಗಿ ಬರುತ್ತದೆ. ಶಾಶ್ವತವಾಗಿ ಫರ್ಮ್‌ವೇರ್ ಹೊಸದು ಮಾಡಬೇಕು, ಸಾಲದಿದ್ದರೆ ಡ್ರೈವರ್ ಬದಲಿಸಬೇಕು. ಕೇಬಲ್ ತೆಗೆದಾಗಲೂ 49 ಬರುತ್ತಿದ್ದರೆ ಕತೆಯೇ ಬೇರೆ: ಆಗ ಕೈ ಹಾಕಬೇಕಾದ್ದು ಪ್ರಿಂಟರ್‌ನ ಮೆಮೊರಿಗೆ, ಇಲ್ಲವೇ ಒಳಗಿನ ಬೋರ್ಡ್‌ಗೆ.

ಟಿಕೆಟನ್ನು ಶುಕ್ರವಾರವೇ ಮುಚ್ಚುವಂತಿಲ್ಲ. ಶನಿವಾರ ಪ್ರಿಂಟರ್ ಚೆನ್ನಾಗಿದ್ದರೆ ಏನೂ ಸಾಬೀತಾಗುವುದಿಲ್ಲ, ಅವತ್ತು ಸ್ಟೇಟ್‌ಮೆಂಟ್ ಇಲ್ಲ. ಫರ್ಮ್‌ವೇರ್ ಬದಲಿಸಿದ ಮೇಲೆ ಬರುವ ಸೋಮವಾರ ಹನ್ನೊಂದರ ಸುಮಾರಿಗೆ ಅದೇ ಬ್ಯಾಂಕಿನ ಪಿಡಿಎಫ್ ಅನ್ನು ಎಂದಿನಂತೆ, ಚಿತ್ರವಾಗಿಸದೆ, ಪ್ರಿಂಟ್ ಕೊಟ್ಟು ನೋಡಬೇಕು. ಬಂತೋ ಇಲ್ಲವೋ ಎಂದು, ಸಮಯ ಹಾಕಿ, ಅದೇ ಮೇಲ್‌ಗೆ ಉತ್ತರವಾಗಿ ಬರೆಯಬೇಕು.