ಬಾಲ್ಕನಿ ಮುಚ್ಚಿದ್ದು ಅವರು, ಮೇಂಟೆನೆನ್ಸ್ ನಿಲ್ಲಿಸಿದ್ದು ಇವರು

ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆಯಲ್ಲಿ ಎರಡು ದೂರುಗಳು ಸಾಮಾನ್ಯವಾಗಿ ಜೊತೆಯಾಗಿಯೇ ಬರುತ್ತವೆ. ಇಂಥವರು ತಿಂಗಳುಗಟ್ಟಲೆ ಮೇಂಟೆನೆನ್ಸ್ ಕಟ್ಟಿಲ್ಲ ಎನ್ನುವುದು ಒಂದು. ಅಂಥವರು ಹೇಳದೆ ಕೇಳದೆ ಮನೆ ಒಡೆದು ಕಟ್ಟಿದ್ದಾರೆ ಎನ್ನುವುದು ಇನ್ನೊಂದು. ಕಟ್ಟದವರನ್ನು ಕೇಳಿದರೆ, "ಅವರು ಮಾಡಿದ್ದನ್ನು ಮೊದಲು ಕೆಡವಿಸಿ, ಆಮೇಲೆ ನನ್ನ ದುಡ್ಡು ಕೇಳಿ" ಎನ್ನುತ್ತಾರೆ. ಮಾತು ಕೇಳಲು ನ್ಯಾಯವಾಗಿಯೇ ಇದೆ, ಆದರೆ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಹೀಗೆ ಹೇಳಿ ಹಣ ತಡೆಹಿಡಿದವರು ತಮ್ಮ ಕೈಲಿದ್ದ ಒಳ್ಳೆಯ ದಾರಿಯನ್ನು ತಾವೇ ಹಾಳುಮಾಡಿಕೊಳ್ಳುತ್ತಾರೆ.

ಲೆಕ್ಕಕ್ಕೆ ಸುಲಭವಾಗಲೆಂದು ಬೆಂಗಳೂರಿನ ಒಂದು ಕಟ್ಟಡವನ್ನು ಊಹಿಸಿಕೊಳ್ಳೋಣ. ಅದರಲ್ಲಿ ಇಪ್ಪತ್ನಾಲ್ಕು ಫ್ಲ್ಯಾಟ್‌ಗಳಿವೆ. ಹನ್ನೆರಡು ಫ್ಲ್ಯಾಟ್ 1,100 ಚದರಡಿಯ ಎರಡು ಬೆಡ್‌ರೂಮಿನವು, ಉಳಿದ ಹನ್ನೆರಡು 1,500 ಚದರಡಿಯ ಮೂರು ಬೆಡ್‌ರೂಮಿನವು. ಸೆಕ್ಯುರಿಟಿ, ಲಿಫ್ಟ್, ನೀರಿನ ಟ್ಯಾಂಕರ್, ಜನರೇಟರ್ ಡೀಸೆಲ್, ಕಸ ಗುಡಿಸುವವರ ಸಂಬಳ ಎಲ್ಲ ಸೇರಿ ತಿಂಗಳ ಖರ್ಚು 93,600 ರೂಪಾಯಿ. ಮೂರನೇ ಮಹಡಿಯವರೊಬ್ಬರು ತಮ್ಮ ಬಾಲ್ಕನಿಯ ಅಂಚಿಗೆ ಬ್ಲಾಕ್ ಗೋಡೆ ಎಬ್ಬಿಸಿ ಅದನ್ನು ಕೋಣೆ ಮಾಡಿಕೊಂಡಿದ್ದಾರೆ. ಅದರ ಕೆಳಗೆ, ಎರಡನೇ ಮಹಡಿಯ ಎರಡು ಬೆಡ್‌ರೂಮಿನ ಮನೆಯವರ ಬಾಲ್ಕನಿಯ ತಾರಸಿಯಲ್ಲಿ ಬಿರುಕು ಕಾಣಿಸಿಕೊಂಡಿದೆ. ಅವರು ಕಮಿಟಿಗೆ ಹೇಳಿದರು. ಕಮಿಟಿ ಸುಮ್ಮನಿತ್ತು. ಅವರು ಮೇಂಟೆನೆನ್ಸ್ ನಿಲ್ಲಿಸಿದರು. ಈಗ ಬಾಕಿ ಹದಿನಾಲ್ಕು ತಿಂಗಳಿನದು. ನೀರಿನ ಲೈನ್ ಕಟ್ ಮಾಡುತ್ತೇವೆ ಎಂದು ಕಮಿಟಿ ವಾಟ್ಸಾಪಿನಲ್ಲಿ ಎಚ್ಚರಿಕೆ ಹಾಕಿದೆ.

ಇಲ್ಲಿ ಯಾರು ಸರಿ ಎಂದು ಕೇಳುವ ಮೊದಲು ಒಂದು ಕಾಗದ ನೋಡಬೇಕು. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರದು. ಅದು ಎಲ್ಲ ಅಪಾರ್ಟ್‌ಮೆಂಟಿಗೂ ತಾನಾಗಿಯೇ ಅನ್ವಯವಾಗುವುದಿಲ್ಲ. ಮಾಲೀಕರು ಆಸ್ತಿಯನ್ನು ಆ ಕಾಯ್ದೆಗೆ ಒಳಪಡಿಸುತ್ತೇವೆಂದು ಡಿಕ್ಲರೇಶನ್ ಬರೆದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದ್ದರೆ ಮಾತ್ರ ಅನ್ವಯ. ಹಲವು ಅಸೋಸಿಯೇಶನ್‌ಗಳು ಇದನ್ನು ಬಿಟ್ಟು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಒಂದು ನಂಬರ್ ತೆಗೆದುಕೊಂಡು ಕೂತಿವೆ. ಅಂಥ ಕಡೆ ಮುಂದೆ ಹೇಳುವ ಅಸ್ತ್ರಗಳಲ್ಲಿ ಮುಖ್ಯವಾದವು ಕಮಿಟಿಯ ಕೈಗೂ ಸಿಗುವುದಿಲ್ಲ, ಸದಸ್ಯರ ಕೈಗೂ ಸಿಗುವುದಿಲ್ಲ. ನಿಮ್ಮ ಕ್ರಯಪತ್ರದ ಜೊತೆಯ ಕಾಗದಗಳಲ್ಲಿ ಡಿಕ್ಲರೇಶನ್ನಿನ ಪ್ರತಿ ಇಲ್ಲದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು ತೆಗೆಸಿ. ಜಗಳಕ್ಕಿಳಿಯುವ ಮುಂಚೆ ಮಾಡಬೇಕಾದ ಕೆಲಸ ಇದು, ವಕೀಲರ ಹತ್ತಿರ ಹೋದ ಮೇಲೆ ಹುಡುಕುವುದಲ್ಲ.

ನಮ್ಮ ಕಟ್ಟಡದಲ್ಲಿ ಡಿಕ್ಲರೇಶನ್ ಆಗಿದೆ ಎಂದಿಟ್ಟುಕೊಳ್ಳೋಣ. ಅದರಲ್ಲಿ ಪ್ರತಿ ಫ್ಲ್ಯಾಟಿಗೂ ಇಷ್ಟು ಶೇಕಡಾ ಎಂದು ಅವಿಭಜಿತ ಪಾಲು ನಮೂದಾಗಿರುತ್ತದೆ. ಸಾಮಾನ್ಯ ಖರ್ಚನ್ನು ಈ ಪಾಲಿನ ಪ್ರಮಾಣದಲ್ಲೇ ಹಂಚಬೇಕು ಎನ್ನುತ್ತದೆ ಕಾಯ್ದೆ. ಪಾಲು ಚದರಡಿಗೆ ತಕ್ಕಂತಿದ್ದರೆ ಒಟ್ಟು 31,200 ಚದರಡಿಗೆ 93,600 ರೂಪಾಯಿ, ಎಂದರೆ ಚದರಡಿಗೆ ಮೂರು ರೂಪಾಯಿ. ಚಿಕ್ಕ ಮನೆಗೆ 3,300, ದೊಡ್ಡ ಮನೆಗೆ 4,500. ದೊಡ್ಡ ಮನೆಯವರಿಗೆ ಇದು ಹಿಡಿಸುವುದಿಲ್ಲ. "ವಾಚ್‌ಮನ್ ನನಗೇನು ಹೆಚ್ಚು ಕಾಯ್ತಾನಾ?" ಎಂಬ ಪ್ರಶ್ನೆ ಹಾಕಿ, ಎಲ್ಲರಿಗೂ ಸಮ ಎಂದು 3,900 ರೂಪಾಯಿಯ ನಿರ್ಣಯವನ್ನು ಬಹುಮತದಿಂದ ಪಾಸು ಮಾಡಿಸಿಕೊಂಡ ಸಭೆಗಳಿವೆ. ಪ್ರಶ್ನೆಯಲ್ಲಿ ತಿರುಳಿಲ್ಲವೆಂದಲ್ಲ. ಆದರೆ ಡಿಕ್ಲರೇಶನ್ನಿನ ಶೇಕಡಾ ಪಾಲನ್ನು ಬದಲಿಸಲು ಎಲ್ಲ ಮಾಲೀಕರ ಒಪ್ಪಿಗೆ ಬೇಕು, ತಿದ್ದಿದ ಡಿಕ್ಲರೇಶನ್ ಮತ್ತೆ ನೋಂದಣಿಯಾಗಬೇಕು. ಕೈ ಎತ್ತಿಸಿ ಪಡೆದ ಬಹುಮತ ಅದಕ್ಕೆ ಸಾಲದು. ಚಿಕ್ಕ ಮನೆಯವರು ತಿಂಗಳಿಗೆ 600 ರೂಪಾಯಿ ಹೆಚ್ಚು ಕೊಡುತ್ತಿದ್ದರೆ ಅವರು ಆಕ್ಷೇಪಿಸಬಹುದು. ಹಾಗೆಂದು ಪೂರ್ತಿ ನಿಲ್ಲಿಸುವಂತಿಲ್ಲ. 3,300 ರೂಪಾಯಿಯನ್ನು ತಪ್ಪದೆ ಕಟ್ಟಿ, ಉಳಿದದ್ದಕ್ಕೆ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯುವುದು ಗಟ್ಟಿಯಾದ ದಾರಿ.

ಈಗ ಎರಡನೇ ಮಹಡಿಯವರ ಬಾಕಿಯ ವಿಷಯ. ಹದಿನಾಲ್ಕು ತಿಂಗಳಿಗೆ 46,200 ರೂಪಾಯಿ. ಲಿಫ್ಟ್ ಬಳಸುವುದಿಲ್ಲ, ಮನೆಗೆ ಬೀಗ ಹಾಕಿದ್ದೇನೆ ಎಂಬ ಕಾರಣಕ್ಕೂ ಸಾಮಾನ್ಯ ಖರ್ಚಿನ ಪಾಲಿನಿಂದ ತಪ್ಪಿಸಿಕೊಳ್ಳಲಾಗದು ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಹಾಗಿರುವಾಗ ಮೇಲಿನವರ ಗೋಡೆಯ ನೆಪ ಎಲ್ಲಿ ನಿಲ್ಲುತ್ತದೆ? ಅಷ್ಟೇ ಅಲ್ಲ, ಕಟ್ಟದೆ ಉಳಿದ ಮೊತ್ತ ಆ ಫ್ಲ್ಯಾಟಿನ ಮೇಲೆ ಋಣಭಾರವಾಗಿ ಕೂರುತ್ತದೆ. ಸರ್ಕಾರದ ಮತ್ತು ಪಾಲಿಕೆಯ ತೆರಿಗೆ, ಮೊದಲ ಅಡಮಾನದ ಸಾಲ, ಇವೆರಡನ್ನು ಬಿಟ್ಟರೆ ಉಳಿದ ಎಲ್ಲ ಸಾಲಕ್ಕಿಂತ ಅದಕ್ಕೇ ಆದ್ಯತೆ. ಮಾಮೂಲಿ ಬಾಕಿ ವಸೂಲಿಯ ದಾವೆಗೆ ಮೂರು ವರ್ಷದ ಕಾಲಮಿತಿ. ಸ್ಥಿರಾಸ್ತಿಯ ಮೇಲಿನ ಋಣಭಾರದ ಹಣಕ್ಕಾದರೆ ಹನ್ನೆರಡು ವರ್ಷ. ಗೃಹಸಾಲ ಇನ್ನೂ ಬಹಳ ಬಾಕಿ ಇರುವ ಮನೆಯಲ್ಲಿ ಬ್ಯಾಂಕೇ ಮುಂದೆ ನಿಲ್ಲುವುದರಿಂದ ಅಸೋಸಿಯೇಶನ್ನಿನ ಈ ಹಿಡಿತ ಸ್ವಲ್ಪ ಸಡಿಲ ಎನ್ನುವುದೂ ನಿಜ.

ಆದರೆ ನೀರು ನಿಲ್ಲಿಸುವ ಅಧಿಕಾರವನ್ನು ಈ ಕಾಯ್ದೆ ಕಮಿಟಿಗೆ ಕೊಟ್ಟಿಲ್ಲ. ಅದು ಕೊಟ್ಟಿರುವುದು ಋಣಭಾರ ಮತ್ತು ದಾವೆಯ ದಾರಿ. ಸಂಪಿನ ವಾಲ್ವ್ ತಿರುಗಿಸಿದ ಕಮಿಟಿ ಬಾಕಿದಾರರನ್ನು ಒಂದೇ ದಿನದಲ್ಲಿ ದೂರುದಾರರನ್ನಾಗಿ ಮಾಡುತ್ತದೆ. ಅವರು ಸಿವಿಲ್ ಕೋರ್ಟಿಗೆ ಹೋಗಿ ತಡೆಯಾಜ್ಞೆ ಕೇಳಿದಾಗ ಅಲ್ಲಿ ವಿಚಾರಣೆಗೆ ಬರುವುದು 46,200 ರೂಪಾಯಿಯಲ್ಲ, ನೀರು. ದಂಡಬಡ್ಡಿಯ ಕಥೆಯೂ ಇದೇ. ಬೈಲಾದಲ್ಲಿ ದರ ಇದ್ದರೆ ಹಾಕಬಹುದು. ಇಲ್ಲದಿದ್ದರೆ ನೋಟಿಸ್ ಬೋರ್ಡಿನಲ್ಲಿ ಬರೆದ ಬಡ್ಡಿಯನ್ನು ಕೋರ್ಟಿನಲ್ಲಿ ಸಮರ್ಥಿಸಿಕೊಳ್ಳುವುದು ಕಷ್ಟ. ಕಮಿಟಿ ಮಾಡಬೇಕಾದ್ದು ತಿಂಗಳುವಾರು ಬಾಕಿಯ ಪಟ್ಟಿ, ಬಜೆಟ್ ಅಂಗೀಕರಿಸಿದ ಸಭೆಯ ನಡಾವಳಿ, ಡಿಕ್ಲರೇಶನ್ನಿನ ಪಾಲಿನ ಪುಟ ಇವುಗಳನ್ನು ಲಗತ್ತಿಸಿ ವಕೀಲರ ನೋಟಿಸ್ ಕಳಿಸುವುದು.

ಬಾಲ್ಕನಿಯ ಗೋಡೆಗೆ ಬರೋಣ. ಅದೇನು ಮಹಾ ಎನ್ನುವವರು ತೂಕ ಹಾಕಿ ನೋಡಬೇಕು. ಹತ್ತಡಿ ಉದ್ದ, ಒಂಬತ್ತಡಿ ಎತ್ತರದ ನಾಲ್ಕಿಂಚಿನ ಘನ ಕಾಂಕ್ರೀಟ್ ಬ್ಲಾಕಿನ ಗೋಡೆ, ಪ್ಲಾಸ್ಟರ್ ಸೇರಿದರೆ ಒಂದೂವರೆ ಟನ್ನಿಗೂ ಮಿಕ್ಕಿ ತೂಗುತ್ತದೆ. ಹೊರಚಾಚಿದ ಬಾಲ್ಕನಿಯಲ್ಲಿ ಆ ಭಾರ ಬೀಳುವುದು ತೀರಾ ತುದಿಗೆ. ವಿನ್ಯಾಸ ಮಾಡಿದ ಎಂಜಿನಿಯರ್ ಅಲ್ಲಿ ಲೆಕ್ಕ ಹಾಕಿದ್ದು ನಿಲ್ಲುವ ಜನ, ಕುರ್ಚಿ, ಹೂಕುಂಡ, ಕಬ್ಬಿಣದ ರೇಲಿಂಗ್ ಇಷ್ಟನ್ನು. ತುದಿ ಕೆಳಕ್ಕೆ ಎಳೆದಾಗ ಮೊದಲ ಬಿರುಕು ಬೀಳುವುದು ಮನೆಯ ಗೋಡೆಗೂ ಬಾಲ್ಕನಿಗೂ ಸೇರುವ ಸಾಲಿನಲ್ಲಿ, ಅದೂ ಚಪ್ಪಡಿಯ ಮೇಲ್ಮೈಯಲ್ಲಿ. ಅಲ್ಲಿ ಟೈಲ್ಸ್ ಇರುವುದರಿಂದ ಕಣ್ಣಿಗೆ ಬೀಳದು. ಕೆಳಗಿನವರಿಗೆ ಆಮೇಲೆ ಮಳೆನೀರಿನ ಕಲೆಯೋ ಬಿರುಕೋ ಕಾಣುತ್ತದೆ. ಪ್ಲಾಸ್ಟರಿನ ಕೂದಲೆಳೆ ಬಿರುಕೂ ಹೀಗೇ ಕಾಣುವುದರಿಂದ ಮೇಸ್ತ್ರಿಯ ಮಾತು ಸಾಲದು. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರ ಸಹಿಯ ವರದಿ ಬೇಕು. ಮುಂದಿನ ಇಡೀ ಪ್ರಕರಣಕ್ಕೆ ಅದೇ ಬೆನ್ನೆಲುಬು.

ಕಾಯ್ದೆ ಇಲ್ಲಿ ಬಹಳ ಬಿಗಿ. ಕಟ್ಟಡದ ಭದ್ರತೆಗೆ ಧಕ್ಕೆ ತರುವ, ಬೆಲೆ ಇಳಿಸುವ ಕೆಲಸವಾಗಲಿ, ಹೊಸ ಕಟ್ಟಡ ಭಾಗ ಸೇರಿಸುವುದಾಗಲಿ ಉಳಿದ ಎಲ್ಲ ಮಾಲೀಕರ ಸರ್ವಾನುಮತದ ಒಪ್ಪಿಗೆ ಮೊದಲೇ ಪಡೆಯದೆ ನಡೆಯುವಂತಿಲ್ಲ. "ಸೆಕ್ರೆಟರಿ ಎನ್‌ಒಸಿ ಕೊಟ್ಟಿದ್ದಾರೆ" ಎಂಬ ಉತ್ತರ ಇದಕ್ಕೆ ಸಾಲದು. ಬಣ್ಣ, ವಾರ್ಡ್‌ರೋಬು, ಅಡಿಗೆಮನೆಯ ಕಟ್ಟೆ ಇಂಥವು ಈ ಬಲೆಗೆ ಬೀಳುವುದಿಲ್ಲ. ಬೀಮ್, ಕಂಬ, ಕಾಂಕ್ರೀಟ್ ಗೋಡೆ, ಡಕ್ಟ್, ತಾರಸಿಯ ಶೆಡ್, ಬಾಲ್ಕನಿಯ ಗೋಡೆ ಬೀಳಬಹುದು. ಗ್ರಿಲ್ಲಿನ ವಿಷಯದಲ್ಲಿ ಪ್ರತಿ ಕಟ್ಟಡದ ಬೈಲಾವನ್ನೇ ನೋಡಬೇಕು.

ಕಮಿಟಿ ಕೈಕಟ್ಟಿ ಕೂತರೆ ಸದಸ್ಯರು ಏನು ಮಾಡಬೇಕು? ಬೈಲಾ ಉಲ್ಲಂಘನೆಗೆ ಪರಿಹಾರ ಕೇಳುವ, ತಡೆಯಾಜ್ಞೆ ಕೋರುವ ಹಕ್ಕು ಕಮಿಟಿಗಷ್ಟೇ ಅಲ್ಲ, ಸೂಕ್ತ ಪ್ರಕರಣದಲ್ಲಿ ಬಾಧಿತ ಮಾಲೀಕರಿಗೂ ಇದೆ. ಹೆಚ್ಚಿನವರಿಗೆ ಇದು ಗೊತ್ತಿಲ್ಲ. ನಮ್ಮ ಎರಡನೇ ಮಹಡಿಯವರು ಕಮಿಟಿಯನ್ನೂ ಮೇಲಿನ ಮನೆಯವರನ್ನೂ ಪ್ರತಿವಾದಿಗಳನ್ನಾಗಿ ಮಾಡಿ ಸಿವಿಲ್ ದಾವೆ ಹೂಡಬಹುದು, ಸ್ಥಳ ನೋಡಿ ವರದಿ ಕೊಡಲು ಕೋರ್ಟ್ ಕಮಿಷನರನ್ನು ನೇಮಿಸಿ ಎಂದು ಕೇಳಬಹುದು. ಹೊತ್ತು ಮುಖ್ಯ. ಬ್ಲಾಕುಗಳು ಲಿಫ್ಟಿನಲ್ಲಿ ಮೇಲೇರುತ್ತಿರುವಾಗ ತಡೆಯಾಜ್ಞೆ ಸಿಗುವುದು ಸುಲಭ. ಗೋಡೆಗೆ ಬಣ್ಣ ಬಳಿದ ಮೇಲೆ ಕೆಡವಲು ಆದೇಶ ಕೇಳುವುದು ವರ್ಷಗಳ ಕೆಲಸ. ಆರು ತಿಂಗಳು ವಾಟ್ಸಾಪಿನಲ್ಲಿ ಜಗಳಾಡಿದವರಿಗೆ ಕೋರ್ಟು ಮೊದಲು ಕೇಳುವ ಪ್ರಶ್ನೆ, ಇಷ್ಟು ದಿನ ಎಲ್ಲಿದ್ದಿರಿ ಎಂದು. ತಾವೇ ಹದಿನಾಲ್ಕು ತಿಂಗಳ ಬಾಕಿದಾರರಾಗಿದ್ದರೆ ಎದುರು ವಕೀಲರು ಮೊದಲು ಎತ್ತುವುದು ಅದನ್ನೇ. ತಡೆಯಾಜ್ಞೆ ಕೇಳುವವರು ತಾವು ನೆಟ್ಟಗಿರಬೇಕು ಎಂಬುದು ಕೋರ್ಟಿನ ಹಳೆಯ ನಿರೀಕ್ಷೆ.

ಪಾಲಿಕೆಯ ದಾರಿ ಬೇರೆಯೇ. ಬಾಲ್ಕನಿ ಕೋಣೆಯಾದರೆ ಅದು ಮಂಜೂರಾದ ನಕ್ಷೆಯ ಉಲ್ಲಂಘನೆ. ಮಾಹಿತಿ ಹಕ್ಕಿನಡಿ ನಕ್ಷೆಯ ನಕಲು ಪಡೆದು, ಫೋಟೋ ಸೇರಿಸಿ ವಾರ್ಡಿನ ಎಂಜಿನಿಯರಿಗೆ ಲಿಖಿತ ದೂರು ಕೊಡಬಹುದು. 2025ರಲ್ಲಿ ಬಿಬಿಎಂಪಿ ಜಾಗಕ್ಕೆ ಐದು ಪಾಲಿಕೆಗಳು ಬಂದಿರುವುದರಿಂದ ನಿಮ್ಮ ಕಟ್ಟಡ ಯಾವುದಕ್ಕೆ ಸೇರಿದೆ ಎಂದು ಮೊದಲು ನೋಡಿಕೊಳ್ಳಿ. ಪಾಲಿಕೆಗೆ ಕೆಡವಿಸುವ ಬಲವಿದೆ, ಅವಸರವಿಲ್ಲ. ಮೇಲಾಗಿ ಒಂದು ಮನೆಯ ಉಲ್ಲಂಘನೆ ನೋಡಲು ಬಂದ ಎಂಜಿನಿಯರ್ ಕಣ್ಣಿಗೆ ಉಳಿದವರ ಮನೆಗಳೂ ಬೀಳುತ್ತವೆ ಎಂಬ ಭಯದಿಂದಲೇ ಎಷ್ಟೋ ಕಮಿಟಿಗಳು ದೂರು ಕೊಡುವುದಿಲ್ಲ! ಇನ್ನು ರೇರಾ. ಅದು ಬಿಲ್ಡರ್ ಮತ್ತು ಕೊಂಡವರ ನಡುವಿನ ವ್ಯಾಜ್ಯಕ್ಕೆಂದು ಬಂದದ್ದು. ನೆರೆಮನೆಯವರ ಗೋಡೆಯನ್ನು ಅಲ್ಲಿಗೆ ಒಯ್ದರೆ ಕಾಲಹರಣವೇ ಹೆಚ್ಚು.

1972ರ ಕಾಯ್ದೆಯ ದೊಡ್ಡ ಕೊರತೆ ಇಲ್ಲೇ ಇದೆ: ಸದಸ್ಯರ ಜಗಳ ಬಿಡಿಸಲು ಅದು ಪ್ರತ್ಯೇಕ ಅಧಿಕಾರಿಯನ್ನೇ ಇಟ್ಟಿಲ್ಲ. ಸಹಕಾರ ಸಂಘವಾಗಿ ನೋಂದಣಿಯಾದ ಕಡೆ ಸಹಕಾರ ಇಲಾಖೆಯ ಮುಂದೆ ವ್ಯಾಜ್ಯ ಹೂಡಬಹುದು. 1960ರ ಕಾಯ್ದೆಯ ಸಂಘವಾದರೆ ಮೂರನೇ ಒಂದು ಭಾಗ ಸದಸ್ಯರು ಸೇರಿ ಕೇಳಿದರೆ ರಿಜಿಸ್ಟ್ರಾರ್ ವಿಚಾರಣೆ ನಡೆಸಬೇಕು, ಆದರೆ ಅದು ಸಂಘದ ಆಡಳಿತ ಮತ್ತು ಲೆಕ್ಕಪತ್ರದ ವಿಚಾರಣೆ. ಗೋಡೆ ಕೆಡವುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಉಳಿದವರಿಗೆ ಸಿವಿಲ್ ಕೋರ್ಟೇ ಗತಿ.

ಅದಕ್ಕೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ನೋಡಬಹುದು. ದಾವೆ ಹೂಡುವ ಮುಂಚೆಯೇ ಲೋಕ ಅದಾಲತ್ತಿನಲ್ಲಿ ರಾಜಿಗೆ ಕೂರಿಸುತ್ತಾರೆ, ಕೋರ್ಟ್ ಶುಲ್ಕವಿಲ್ಲ, ಅಲ್ಲಾದ ರಾಜಿಗೆ ಸಿವಿಲ್ ಡಿಕ್ರಿಯ ಬಲವಿದೆ. ಎರಡೂ ಕಡೆ ಒಪ್ಪಿದರಷ್ಟೇ ಇದು ನಡೆಯುತ್ತದೆ. ನಮ್ಮ ಕಟ್ಟಡದ ಪ್ರಕರಣಕ್ಕಂತೂ ಇದು ಹೇಳಿಮಾಡಿಸಿದಂತಿದೆ. 46,200 ರೂಪಾಯಿಯನ್ನು ಕಂತಿನಲ್ಲಿ ಕಟ್ಟುವುದು, ಎಂಜಿನಿಯರ್ ವರದಿಯ ಪ್ರಕಾರ ಬ್ಲಾಕ್ ಗೋಡೆ ತೆಗೆಯುವುದು, ಬಿರುಕಿನ ರಿಪೇರಿ ಖರ್ಚನ್ನು ಮೇಲಿನವರು ಕೊಡುವುದು, ಮೂರನ್ನೂ ದಿನಾಂಕ ಹಾಕಿ ಒಂದೇ ಕಾಗದದಲ್ಲಿ ಬರೆಸಬಹುದು.

ಹಳೆಯ ಫ್ಲ್ಯಾಟ್ ಕೊಳ್ಳಲು ಹೊರಟವರಿಗೂ ಒಂದು ಮಾತು. ಮಾರುವವರು ಬಿಟ್ಟುಹೋದ ಬಾಕಿಗೆ ಕೊಂಡವರೂ ಜಂಟಿಯಾಗಿ ಹೊಣೆ. ಆದರೆ ಬಾಕಿ ಎಷ್ಟೆಂದು ಅಸೋಸಿಯೇಶನ್ನಿನಿಂದ ಲಿಖಿತ ಲೆಕ್ಕ ಕೇಳುವ ಹಕ್ಕು ನಿಮಗಿದೆ, ಅದರಲ್ಲಿ ತೋರಿಸಿದ್ದಕ್ಕಿಂತ ಹೆಚ್ಚಿಗೆ ಆಮೇಲೆ ನಿಮ್ಮಿಂದ ವಸೂಲು ಮಾಡುವಂತಿಲ್ಲ. ಅಡ್ವಾನ್ಸ್ ಕೊಡುವ ಮುನ್ನ ಆ ಪತ್ರ ತೆಗೆದುಕೊಳ್ಳಿ, ಮಂಜೂರಾದ ನಕ್ಷೆ ಹಿಡಿದು ಬಾಲ್ಕನಿಗಳನ್ನು ಒಮ್ಮೆ ನೋಡಿಕೊಂಡು ಬನ್ನಿ.